ರಜೆಯ ಸೂಚನೆ ಮತ್ತು ಡೆಲಿವರಿ ವಿಳಂಬ: ಕ್ಯಾಪ್ಶನ್‌ನಲ್ಲಿ ದಿನಗಳನ್ನು ಹೇಗೆ ಹೇಳಬೇಕು?

ಪ್ರಶ್ನೆ: ನಾನು ನೋಟ್‌ಬುಕ್, ಡೈರಿಗಳನ್ನು ಆನ್‌ಲೈನ್‌ನಲ್ಲಿ ಮಾರುತ್ತೇನೆ, ಜೊತೆಗೆ ಒಂದು ಪುಟ್ಟ ಅಂಗಡಿಯೂ ಇದೆ. ಕಳೆದ ಬಾರಿ ರಜೆ ಮಾಡಿದಾಗ ಇನ್‌ಸ್ಟಾಗ್ರಾಮ್‌ನಲ್ಲಿ "ಗ್ರಾಹಕರ ಗಮನಕ್ಕೆ, ಅನಿವಾರ್ಯ ಕಾರಣಗಳಿಂದ ಕೆಲವು ದಿನ ರಜೆ ಇರುತ್ತದೆ, ಡೆಲಿವರಿಗೆ 5ರಿಂದ 8 ದಿನ ಆಗಬಹುದು, ದಯವಿಟ್ಟು ಸಹಕರಿಸಿ" ಎಂದು ಹಾಕಿದ್ದೆ. ಆದರೂ "ಇವತ್ತು ತೆರೆದಿದೆಯಾ?", "ನನ್ನ ಪಾರ್ಸೆಲ್ ಎಲ್ಲಿ?" ಎಂಬ ಮೆಸೇಜುಗಳು ನಿಲ್ಲಲೇ ಇಲ್ಲ. ಒಂದಿಬ್ಬರು ಸುಳ್ಳು ಹೇಳಿದಿರಿ ಎಂದು ಜಗಳವಾಡಿದರು. ಈ ಜೂನ್ 11ರಿಂದ 14ರವರೆಗೆ ಮತ್ತೆ ಮುಚ್ಚಬೇಕಾಗಿದೆ. ಕೊರಿಯರ್‌ನವರು ಈಗ 5ರಿಂದ 8 ದಿನ ಬೇಕು ಎನ್ನುತ್ತಿದ್ದಾರೆ. ದಿನಕ್ಕೆ ಸುಮಾರು 20 ಆರ್ಡರ್ ಬರುತ್ತವೆ, ಹೆಚ್ಚೆಂದರೆ 30 ಪ್ಯಾಕ್ ಮಾಡಬಲ್ಲೆವು. ಕ್ಯಾಪ್ಶನ್ ಹೇಗೆ ಬರೆಯಲಿ?

ಉತ್ತರ: ನಿಮ್ಮ ಬರಹದಲ್ಲಿ ಸುಳ್ಳೇನೂ ಇರಲಿಲ್ಲ. ಅದರಲ್ಲಿ ಎರಡು ಬೇರೆ ಬೇರೆ ಸುದ್ದಿಗಳು ಒಂದೇ ವಾಕ್ಯದಲ್ಲಿ ಬೆರೆತಿದ್ದವು, ತೊಂದರೆ ಹುಟ್ಟಿದ್ದು ಅಲ್ಲಿಂದ. ಅಂಗಡಿ ಎಂದು ಮುಚ್ಚಿರುತ್ತದೆ ಎಂಬುದು ನಿಮ್ಮ ಕೈಯಲ್ಲಿರುವ ವಿಷಯ. ಅದನ್ನು ನೀವೇ ನಿರ್ಧರಿಸಿದ್ದೀರಿ, ಅದು ಬದಲಾಗುವುದಿಲ್ಲ. ಪಾರ್ಸೆಲ್ ಎಂದು ತಲುಪುತ್ತದೆ ಎಂಬುದು ಅಂದಾಜು. ಅದರಲ್ಲಿ ನಿಮ್ಮ ಪ್ಯಾಕಿಂಗ್ ವೇಗವೂ ಕೊರಿಯರ್‌ನವರ ವೇಗವೂ ಸೇರಿರುತ್ತವೆ. ಮೊದಲನೆಯದನ್ನು "ಇರುತ್ತದೆ" ಎಂದು ಖಚಿತವಾಗಿ ಹೇಳಬೇಕು, ಎರಡನೆಯದನ್ನು "ನಿರೀಕ್ಷೆ" ಎಂದು ಗುರುತಿಸಿ ಹೇಳಬೇಕು. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದರೆ ಓದುವವರಿಗೆ ಖಚಿತವಾದದ್ದೂ ಅನುಮಾನವಾಗಿ ಕಾಣುತ್ತದೆ, ಅಂದಾಜು ಮಾತ್ರ ಭರವಸೆಯಾಗಿ ಉಳಿದುಬಿಡುತ್ತದೆ. ನಿಮ್ಮೊಡನೆ ಜಗಳವಾಡಿದವರು "5ರಿಂದ 8 ದಿನ" ಎಂಬುದನ್ನು ಭರವಸೆಯೆಂದೇ ಓದಿಕೊಂಡಿದ್ದರು.

ಆ "5ರಿಂದ 8 ದಿನ" ಎಂಬ ಮಾತನ್ನೇ ಮೊದಲು ಬಿಡಿಸಿ ನೋಡೋಣ, ಏಕೆಂದರೆ ವಿಳಂಬದ ಸೂಚನೆಗಳಲ್ಲಿ ಬಹುಪಾಲು ಮನಸ್ತಾಪ ಹುಟ್ಟುವುದು ಇಲ್ಲಿಯೇ. ಕೊರಿಯರ್‌ನವರು ಪಾರ್ಸೆಲ್ ತಮ್ಮ ಕೈಗೆ ಬಂದ ದಿನದಿಂದ ಎಣಿಸುತ್ತಾರೆ. ಗ್ರಾಹಕರು ತಾವು ಹಣ ಕಟ್ಟಿದ ದಿನದಿಂದ ಎಣಿಸುತ್ತಾರೆ. ಮಾಮೂಲಿ ದಿನಗಳಲ್ಲಿ ಈ ಎರಡರ ನಡುವೆ ಒಂದು ದಿನದ ಅಂತರವಿರುತ್ತದೆ, ಆದ್ದರಿಂದ ಯಾರೂ ಗಮನಿಸುವುದಿಲ್ಲ. ರಜೆ ಬಂದಾಗ ಅದೇ ಅಂತರ ಆರೇಳು ದಿನಕ್ಕೆ ಹಿಗ್ಗುತ್ತದೆ. ಜೂನ್ 9ರ ಸಂಜೆ ಆರ್ಡರ್ ಮಾಡಿದ ಒಬ್ಬರು ನಿಮ್ಮ ಹಳೆಯ ಕ್ಯಾಪ್ಶನ್ ಓದಿದರೆ, ತಮ್ಮ ಡೈರಿ ಜೂನ್ 14ರಿಂದ 17ರೊಳಗೆ ಬರುತ್ತದೆಂದು ಲೆಕ್ಕ ಹಾಕುತ್ತಾರೆ. ನಿಜವಾಗಿ ಅದು ಯಾವಾಗ ತಲುಪುತ್ತದೆ ಎಂಬುದನ್ನು ನೀವು ಕೊಟ್ಟ ಅಂಕಿಗಳಿಂದಲೇ ನೋಡಬಹುದು.

ನೀವು ಜೂನ್ 10ರಂದು ಕೊನೆಯ ಕಂತನ್ನು ಕೊರಿಯರ್‌ಗೆ ಕೊಡುತ್ತೀರಿ ಎಂದುಕೊಳ್ಳೋಣ. ಜೂನ್ 9ರ ಸಂಜೆ 4 ಗಂಟೆಯವರೆಗೆ ಬಂದ ಆರ್ಡರ್‌ಗಳು ಆ ಕಂತಿನಲ್ಲಿ ಹೋಗುತ್ತವೆ. ಅಲ್ಲಿಂದಾಚೆಗಿನ ಆರ್ಡರ್‌ಗಳು ಜೂನ್ 15ರ ಬೆಳಿಗ್ಗೆಯವರೆಗೆ ಕಾಯುತ್ತವೆ. 10ರಿಂದ 14ರವರೆಗಿನ ಐದು ದಿನಕ್ಕೆ ದಿನಕ್ಕೆ 20ರಂತೆ 100 ಆರ್ಡರ್, ಅದರ ಮೇಲೆ 9ರ ಸಂಜೆಯವು ಕೆಲವು; ಒಟ್ಟು 110ರ ಆಸುಪಾಸು ಎಂದಿಟ್ಟುಕೊಳ್ಳಿ. ದಿನಕ್ಕೆ 30 ಪ್ಯಾಕ್ ಮಾಡಿದರೆ ಮೊದಲ ಮೂರು ದಿನ 90 ಹೋಗುತ್ತವೆ, ಉಳಿದ 20 ಜೂನ್ 18ರಂದು ಹೊರಡುತ್ತವೆ. ಹಾಗಾಗಿ ಇವುಗಳ ರವಾನೆ ಜೂನ್ 15ರಿಂದ 18ರೊಳಗೆ. ಇದಕ್ಕೆ ಕೊರಿಯರ್‌ನ 5ರಿಂದ 8 ದಿನ ಸೇರಿಸಿದರೆ ತಲುಪುವುದು ಜೂನ್ 20ರಿಂದ 26ರೊಳಗೆ. 14ರಿಂದ 17ರೊಳಗೆ ಎಂದು ಕಾದವರ ಕೈಗೆ ಅದು 20ರ ನಂತರ ಬಂದರೆ ಅವರು ಸಿಟ್ಟಾಗುವುದು ಸಹಜ, ಮತ್ತು ಆ ಸಿಟ್ಟಿಗೆ ಕಾರಣ ವಿಳಂಬಕ್ಕಿಂತ ಹೆಚ್ಚಾಗಿ ನಿಮ್ಮ ವಾಕ್ಯ.

ಆದ್ದರಿಂದ ನನ್ನ ಮುಖ್ಯ ಸಲಹೆ ಇದು: ಕ್ಯಾಪ್ಶನ್‌ನಲ್ಲಿ "ಇಷ್ಟು ದಿನ" ಎಂದು ಬರೆಯಬೇಡಿ, "ಈ ದಿನಾಂಕದಿಂದ ಈ ದಿನಾಂಕದೊಳಗೆ" ಎಂದು ಬರೆಯಿರಿ. ಕೂಡುವ ಕೆಲಸ ನಿಮ್ಮದು. ಗ್ರಾಹಕರಿಗೆ ನಿಮ್ಮ ಪ್ಯಾಕಿಂಗ್ ಮೇಜಿನ ಮೇಲೆ ಎಷ್ಟು ಪೆಟ್ಟಿಗೆಗಳು ಕೂತಿವೆ ಎಂಬುದು ಗೊತ್ತಿರುವುದಿಲ್ಲ. ಅದು ಗೊತ್ತಿಲ್ಲದೆ ಅವರು ಮಾಡುವ ಲೆಕ್ಕ ತಪ್ಪಾಗಿಯೇ ಇರುತ್ತದೆ, ಮತ್ತು ಪ್ರತಿ ಸಲವೂ ನಿಮ್ಮ ವಿರುದ್ಧವಾಗಿಯೇ ತಪ್ಪುತ್ತದೆ.

ಇದೇ ಲೆಕ್ಕ ಇನ್ನೊಂದು ಸಂಗತಿಯನ್ನೂ ತೋರಿಸುತ್ತದೆ. ಜೂನ್ 15ರಂದು ಬಾಗಿಲು ತೆರೆದ ಮಾತ್ರಕ್ಕೆ ಎಲ್ಲವೂ ಮಾಮೂಲಿಗೆ ಬರುವುದಿಲ್ಲ. ದಿನಕ್ಕೆ 30 ಹೊರಡುತ್ತಿದ್ದರೂ ಹೊಸದಾಗಿ 20 ಬರುತ್ತಲೇ ಇರುತ್ತವೆ, ಹಾಗಾಗಿ ಬಾಕಿ ಕರಗುವುದು ದಿನಕ್ಕೆ ಹತ್ತರಂತೆ ಮಾತ್ರ. ಈ ವೇಗದಲ್ಲಿ "ಇಂದು ಆರ್ಡರ್, ನಾಳೆ ರವಾನೆ" ಎಂಬ ನಿಮ್ಮ ಸಾಮಾನ್ಯ ಸ್ಥಿತಿ ಮರಳುವುದು ಸುಮಾರು ಜೂನ್ 23ರ ಹೊತ್ತಿಗೆ. 15ರಂದು ಆರ್ಡರ್ ಮಾಡಿದವರ ಪಾರ್ಸೆಲ್ 18 ಅಥವಾ 19ಕ್ಕೆ ಹೊರಡುತ್ತದೆ. ರಜೆ ಮುಗಿದ ಮೇಲೆ ಆರ್ಡರ್ ಮಾಡಿದವರು ತಮಗೆ ವಿಳಂಬದ ಸೂಚನೆ ಅನ್ವಯಿಸುವುದಿಲ್ಲ ಎಂದುಕೊಳ್ಳುತ್ತಾರೆ. ಇವರ ದೂರು ಹೆಚ್ಚು ಕಹಿಯಾಗಿರುತ್ತದೆ, ಏಕೆಂದರೆ ಇವರಿಗೆ ಯಾರೂ ಏನೂ ಹೇಳಿರುವುದಿಲ್ಲ. ಇವರಿಗಾಗಿ ಒಂದು ಸಾಲು ಬೇಕೇ ಬೇಕು.

ಈ ಅಂಕಿಗಳನ್ನು ಕೈಯಲ್ಲಿಟ್ಟುಕೊಂಡು ನಾನು ಬರೆಯುವುದಾದರೆ ಕ್ಯಾಪ್ಶನ್ ಹೀಗಿರುತ್ತದೆ:

> ಜೂನ್ 11 ಗುರುವಾರದಿಂದ ಜೂನ್ 14 ಭಾನುವಾರದವರೆಗೆ ಅಂಗಡಿ ಮುಚ್ಚಿರುತ್ತದೆ. ಜೂನ್ 15 ಸೋಮವಾರ ಬೆಳಿಗ್ಗೆ 10ಕ್ಕೆ ತೆರೆಯುತ್ತದೆ.
>
> ಜೂನ್ 9 ಮಂಗಳವಾರ ಸಂಜೆ 4ರೊಳಗೆ ಹಣ ಪಾವತಿಯಾದ ಆರ್ಡರ್‌ಗಳನ್ನು ಜೂನ್ 10ರಂದು ಕಳುಹಿಸುತ್ತೇವೆ. ಅವು ಜೂನ್ 15ರಿಂದ 18ರೊಳಗೆ ತಲುಪುವ ನಿರೀಕ್ಷೆಯಿದೆ.
>
> ಆ ನಂತರ ಜೂನ್ 14ರವರೆಗೆ ಬರುವ ಆರ್ಡರ್‌ಗಳನ್ನು ಬಂದ ಸರದಿಯಲ್ಲಿ ಜೂನ್ 15ರಿಂದ 18ರೊಳಗೆ ಕಳುಹಿಸುತ್ತೇವೆ. ಅವು ಜೂನ್ 20ರಿಂದ 26ರೊಳಗೆ ತಲುಪುವ ನಿರೀಕ್ಷೆಯಿದೆ. ಜೂನ್ 15ರಿಂದ 22ರವರೆಗೆ ಮಾಡುವ ಹೊಸ ಆರ್ಡರ್‌ಗಳು ಹೊರಡಲು ನಾಲ್ಕು ದಿನದವರೆಗೆ ಬೇಕಾಗಬಹುದು.
>
> ರಜೆಯ ದಿನಗಳಲ್ಲಿ ಆನ್‌ಲೈನ್ ಆರ್ಡರ್ ಮಾಡಬಹುದು. ಮೆಸೇಜುಗಳಿಗೆ ಜೂನ್ 15ರಿಂದ ಉತ್ತರಿಸುತ್ತೇವೆ. ಈಗಾಗಲೇ ಕಳುಹಿಸಿದ ಪಾರ್ಸೆಲ್‌ನ ಸ್ಥಿತಿಯನ್ನು ನಿಮಗೆ ಬಂದಿರುವ ಟ್ರ್ಯಾಕಿಂಗ್ ಸಂಖ್ಯೆಯಿಂದ ನೋಡಬಹುದು. (ಜೂನ್ 3, 2026ರ ಸೂಚನೆ)

ಇದರಲ್ಲಿ ನಮಸ್ಕಾರವಿಲ್ಲ, "ಗ್ರಾಹಕರ ಗಮನಕ್ಕೆ" ಎಂಬ ತಲೆಬರಹವಿಲ್ಲ ಎಂದು ನಿಮಗೆ ಬಿಗಿಯಾಗಿ ಕಾಣಬಹುದು. ಇನ್‌ಸ್ಟಾಗ್ರಾಮ್‌ನ ಕ್ಯಾಪ್ಶನ್ 2,200 ಅಕ್ಷರಗಳವರೆಗೆ ಇರಬಹುದಾದರೂ ಫೀಡ್‌ನಲ್ಲಿ ಮೊದಲು ಕಾಣುವುದು ಒಂದೆರಡು ಸಾಲು ಮಾತ್ರ; ಉಳಿದದ್ದನ್ನು ಒತ್ತಿ ತೆರೆಯಬೇಕು. ಬೆರಳಾಡಿಸುತ್ತಾ ಹೋಗುವವರು ಬಹುಪಾಲು ತೆರೆಯುವುದಿಲ್ಲ. "ನಮ್ಮ ಪ್ರೀತಿಯ ಗ್ರಾಹಕರೇ, ಇಷ್ಟು ದಿನ ನೀವು ತೋರಿದ ಬೆಂಬಲಕ್ಕೆ" ಎಂದು ಆರಂಭಿಸಿದರೆ ಆ ಎರಡು ಸಾಲು ಅಷ್ಟಕ್ಕೇ ಮುಗಿದುಹೋಗುತ್ತವೆ. ಹೂವಿನ, ಕೈಮುಗಿದ ಇಮೋಜಿಗಳ ಸಾಲನ್ನೂ ಆರಂಭದಲ್ಲಿ ಹಾಕಬೇಡಿ. ಕಣ್ಣು ಕಾಣದವರು ಬಳಸುವ ಸ್ಕ್ರೀನ್ ರೀಡರ್ ಪ್ರತಿಯೊಂದು ಇಮೋಜಿಯ ಹೆಸರನ್ನೂ ಓದಿ ಹೇಳಿದ ಮೇಲೆಯೇ ದಿನಾಂಕಕ್ಕೆ ಬರುತ್ತದೆ. ಧನ್ಯವಾದ ಹೇಳಲೇಬೇಕೆಂದಿದ್ದರೆ ಕೊನೆಯಲ್ಲಿ ಒಂದು ಮಾತು ಹೇಳಿ, ಸಾಕು.

ಮೊದಲ ಸಾಲಿನಲ್ಲಿ ಮುಚ್ಚುವ ದಿನಗಳ ಜೊತೆಗೆ ತೆರೆಯುವ ದಿನವನ್ನೂ ಗಂಟೆಯನ್ನೂ ಬರೆದಿರುವುದಕ್ಕೆ ಕಾರಣವಿದೆ. "14ರವರೆಗೆ ರಜೆ" ಎಂದಾಗ 14 ರಜೆಯಲ್ಲಿ ಸೇರಿದೆಯೇ, ಅಥವಾ 14ರಂದು ಬಾಗಿಲು ತೆರೆಯುತ್ತದೆಯೇ ಎಂಬುದು ಓದುವವರಿಗೆ ನಿಚ್ಚಳವಾಗುವುದಿಲ್ಲ. ಇಬ್ಬರು ಎರಡು ರೀತಿ ಓದುತ್ತಾರೆ. ಮುಂದೆಯೇ "15 ಸೋಮವಾರ ಬೆಳಿಗ್ಗೆ 10ಕ್ಕೆ ತೆರೆಯುತ್ತದೆ" ಎಂದರೆ ಬೇರೆ ವಿವರಣೆಯೇ ಬೇಕಾಗುವುದಿಲ್ಲ. ದಿನಾಂಕದ ಜೊತೆ ವಾರದ ಹೆಸರಿದ್ದರೆ ಇನ್ನೊಂದು ಲಾಭವಿದೆ: ನೀವು ಅಂಕಿಯನ್ನು ತಪ್ಪಾಗಿ ಟೈಪ್ ಮಾಡಿದ್ದರೆ ವಾರದೊಂದಿಗೆ ಹೊಂದಿಕೆಯಾಗದೆ ಅದು ಪ್ರಕಟಿಸುವ ಮೊದಲೇ ಕಣ್ಣಿಗೆ ಬೀಳುತ್ತದೆ. ತಿಂಗಳನ್ನು ಅಕ್ಷರದಲ್ಲಿಯೇ ಬರೆಯಿರಿ. 11/6 ಎಂದು ಬರೆದರೆ ಕೆಲವರು ಅದನ್ನು ನವೆಂಬರ್ 6 ಎಂದೂ ಓದುತ್ತಾರೆ. ಕೊನೆಯ ಗಡುವಿಗೆ ರಾತ್ರಿ 12 ಗಂಟೆಯನ್ನು ಇಡಬೇಡಿ. "9ರ ರಾತ್ರಿ 12" ಎಂದರೆ 9 ಆರಂಭವಾಗುವ ಹೊತ್ತೋ ಮುಗಿಯುವ ಹೊತ್ತೋ ಎಂಬ ಪ್ರಶ್ನೆಗೆ ಕೊನೆಯಿಲ್ಲ. ಹಗಲಿನ ಒಂದು ಗಂಟೆಯನ್ನು ಆರಿಸಿಕೊಂಡರೆ ಆ ಗೊಂದಲವೂ ಇರುವುದಿಲ್ಲ, ನಿಮಗೆ ಪ್ಯಾಕ್ ಮಾಡಲು ಸಮಯವೂ ಸಿಗುತ್ತದೆ.

"ನಾಳೆ", "ಇಂದಿನಿಂದ", "ಮುಂದಿನ ಸೋಮವಾರ" ಎಂಬ ಪದಗಳನ್ನು ಈ ಬಗೆಯ ಬರಹದಲ್ಲಿ ಪೂರ್ತಿಯಾಗಿ ಬಿಟ್ಟುಬಿಡುವುದು ಒಳ್ಳೆಯದು. ನೀವು ಬುಧವಾರ ಹಾಕಿದ ಪೋಸ್ಟ್ ಕೆಲವರಿಗೆ ಶುಕ್ರವಾರವೋ ಶನಿವಾರವೋ ಕಾಣಿಸುತ್ತದೆ, ಏಕೆಂದರೆ ಫೀಡ್ ಹಾಕಿದ ಕ್ರಮದಲ್ಲಿಯೇ ಸಾಗುವುದಿಲ್ಲ. ಅಂದು ಅವರ ಪಾಲಿಗೆ "ನಾಳೆ" ಎಂದರೆ ಬೇರೆಯೇ ದಿನ. ಕೊನೆಯಲ್ಲಿ ಸೂಚನೆ ಬರೆದ ದಿನಾಂಕವನ್ನು ವರ್ಷಸಮೇತ ಹಾಕಿರುವುದೂ ಇದಕ್ಕಾಗಿಯೇ. ಮುಂದಿನ ವರ್ಷ ಯಾರೋ ನಿಮ್ಮ ಪುಟವನ್ನು ಕೆಳಗೆ ಸರಿಸುತ್ತಾ ಹೋಗಿ ಹಳೆಯ ರಜೆಯ ಸೂಚನೆಯನ್ನು ಕಂಡು, ಅಂಗಡಿ ಈಗಲೂ ಮುಚ್ಚಿದೆಯೆಂದು ತಿಳಿದು ಹಿಂದಿರುಗಬಾರದು.

ಗಡುವಿನ ಸಾಲಿನಲ್ಲಿ "ಹಣ ಪಾವತಿಯಾದ" ಎಂಬ ಎರಡು ಪದಗಳು ಚಿಕ್ಕವಾದರೂ ಅವುಗಳನ್ನು ಬಿಡಬೇಡಿ. ಮೆಸೇಜಿನಲ್ಲಿ "ನನಗೊಂದು ಡೈರಿ ಎತ್ತಿಡಿ" ಎಂದವರು ತಾವು ಆರ್ಡರ್ ಮಾಡಿಯಾಯಿತು ಎಂದೇ ಭಾವಿಸುತ್ತಾರೆ. ನಿಮ್ಮ ಲೆಕ್ಕದಲ್ಲಿ ಅದು ಇನ್ನೂ ಆರ್ಡರ್ ಅಲ್ಲ. ಯಾವ ಕ್ರಿಯೆ ಮುಗಿದಿದ್ದರೆ ಗಡುವಿನೊಳಗೆ ಎಂದು ಎಣಿಸುತ್ತೀರಿ ಎಂಬುದನ್ನು ಹೇಳದೆ ಬರಿಯ ಗಂಟೆಯನ್ನು ಹೇಳಿದರೆ ಗಡುವು ಅರ್ಧ ಮಾತ್ರ ಹೇಳಿದಂತಾಗುತ್ತದೆ. ಹೆಸರು ಅಚ್ಚು ಹಾಕಿಕೊಡುವ ಡೈರಿಗಳಂತಹ ಹೆಚ್ಚಿನ ಕೆಲಸದ ವಸ್ತುಗಳಿದ್ದರೆ ಅವುಗಳಿಗೆ ಬೇರೆ, ಮುಂಚಿನ ಗಡುವು ಬೇಕು. ಆದರೆ ಅದನ್ನು ಇದೇ ಕ್ಯಾಪ್ಶನ್‌ಗೆ ತುರುಕಬೇಡಿ. ಆ ವಸ್ತುವನ್ನು ಕೊಳ್ಳುವ ಪುಟದಲ್ಲಿಯೇ, ಬೆಲೆಯ ಪಕ್ಕದಲ್ಲಿ ಬರೆಯಿರಿ. ಅದು ಬೇಕಾದವರು ಅಲ್ಲಿಗೆ ಬಂದೇ ಬರುತ್ತಾರೆ.

ಈಗ ಚಿತ್ರದ ವಿಷಯ. ಹೆಚ್ಚಿನವರು ಎಲ್ಲ ವಿವರವನ್ನೂ ಚೆಂದದ ಹಿನ್ನೆಲೆಯ ಮೇಲೆ ಬರೆದು, ಕ್ಯಾಪ್ಶನ್‌ನಲ್ಲಿ "ವಿವರಗಳು ಚಿತ್ರದಲ್ಲಿವೆ" ಎಂದು ಬಿಡುತ್ತಾರೆ. ಇದು ಎರಡು ಕಡೆ ಕೈಕೊಡುತ್ತದೆ. ಚಿತ್ರದೊಳಗಿನ ಅಕ್ಷರಗಳನ್ನು ಸ್ಕ್ರೀನ್ ರೀಡರ್ ಸರಿಯಾಗಿ ಓದುತ್ತದೆ ಎಂದು ನಂಬುವಂತಿಲ್ಲ. ಅದಕ್ಕಿಂತ ಮುಖ್ಯವಾಗಿ, ಇನ್‌ಸ್ಟಾಗ್ರಾಮ್‌ನಲ್ಲಿ ಪ್ರಕಟಿಸಿದ ಮೇಲೆ ಕ್ಯಾಪ್ಶನ್ ತಿದ್ದಬಹುದು, ಚಿತ್ರವನ್ನು ಬದಲಿಸಲಾಗದು. ಆದ್ದರಿಂದ ಬದಲಾಗದ ಸಂಗತಿಗಳನ್ನು ಮಾತ್ರ ಚಿತ್ರದಲ್ಲಿ ಹಾಕಿ: ಮುಚ್ಚುವ ದಿನಗಳು, ತೆರೆಯುವ ದಿನ, ಗಡುವು. ತಲುಪುವ ಅಂದಾಜು ದಿನಾಂಕಗಳು ಕ್ಯಾಪ್ಶನ್‌ನಲ್ಲಿಯೇ ಇರಲಿ, ಏಕೆಂದರೆ ತಿದ್ದಬೇಕಾಗಿ ಬರುವುದು ಅವುಗಳನ್ನೇ. ಚಿತ್ರದಲ್ಲಿರುವುದನ್ನು ಕ್ಯಾಪ್ಶನ್‌ನಲ್ಲಿ ಮತ್ತೆ ಬರೆಯಲು ಸಂಕೋಚಪಡಬೇಡಿ. ಈ ಒಂದು ಪುನರುಕ್ತಿ ಉಪಕಾರಿಯೇ.

ಇನ್ನು ಬರಹದ ದನಿಯ ವಿಷಯ. ಸಮಾಧಾನದ ಭಾವ ಸಿಹಿಮಾತಿನಿಂದ ಬರುವುದಿಲ್ಲ. ಓದಿದವರಿಗೆ ತಮ್ಮ ಪಾರ್ಸೆಲ್‌ನ ಗತಿ ಏನೆಂದು ತಿಳಿದಾಗ ಬರುತ್ತದೆ. ನಮ್ಮಲ್ಲಿ ಸೂಚನಾಫಲಕಗಳಿಂದ ಬಂದ ಕೆಲವು ಸಿದ್ಧ ಮಾತುಗಳಿವೆ. "ಅನಿವಾರ್ಯ ಕಾರಣಗಳಿಂದ" ಎಂಬುದು ಅವುಗಳಲ್ಲಿ ಮೊದಲನೆಯದು. ಕಾರಣ ಹೇಳಲು ಇಷ್ಟವಿಲ್ಲದಿದ್ದರೆ ಕಾರಣವನ್ನೇ ಬಿಟ್ಟುಬಿಡಿ, ಯಾರೂ ಕೇಳುವುದಿಲ್ಲ. "ಅನಿವಾರ್ಯ" ಎಂದೊಡನೆ ಏನೋ ಅನಾಹುತವಾಗಿದೆ, ಹೇಳಲು ಹಿಂಜರಿಯುತ್ತಿದ್ದಾರೆ ಎಂಬ ಕಳವಳ ಹುಟ್ಟುತ್ತದೆ. ನಿಮ್ಮದು ಮೊದಲೇ ಯೋಚಿಸಿದ ರಜೆ; "ರಜೆ" ಎಂದರೆ ಸಾಕು. "ದಯವಿಟ್ಟು ಸಹಕರಿಸಿ" ಎಂಬುದು ಎರಡನೆಯದು. ಯಾವುದರಲ್ಲಿ ಸಹಕರಿಸಬೇಕು ಎಂಬುದನ್ನು ಆ ಮಾತು ಹೇಳುವುದಿಲ್ಲ, ಹಾಗಾಗಿ ಅದು "ದೂರಬೇಡಿ" ಎಂದಂತೆ ಕೇಳಿಸುತ್ತದೆ. ನಿಜವಾಗಿಯೂ ಗ್ರಾಹಕರು ಏನಾದರೂ ಮಾಡಬೇಕಿದ್ದರೆ ಅದನ್ನೇ ಹೇಳಿ: "ಜೂನ್ 20ರೊಳಗೆ ಬೇಕಾದವರು ಜೂನ್ 9ರ ಸಂಜೆ 4ರೊಳಗೆ ಆರ್ಡರ್ ಮಾಡಿ." ಇದು ಸಹಕಾರದ ಕೋರಿಕೆಯೇ, ಆದರೆ ಪಾಲಿಸಬಹುದಾದ ಕೋರಿಕೆ. "ಆದಷ್ಟು ಬೇಗ", "ಶೀಘ್ರದಲ್ಲಿಯೇ" ಎಂಬ ಮಾತುಗಳನ್ನು ನಾನು ಯಾರ ಕ್ಯಾಪ್ಶನ್‌ನಲ್ಲಿ ಕಂಡರೂ ಹೊಡೆದುಹಾಕುತ್ತೇನೆ. ಅವುಗಳ ಜಾಗದಲ್ಲಿ ಒಂದು ದಿನಾಂಕ ಇಡಲಾಗದಿದ್ದರೆ ಆ ವಾಕ್ಯವೇ ಬೇಡ.

ಕ್ಷಮೆಯ ಮಾತಿಗೂ ಒಂದು ಅಳತೆಯಿದೆ. ಮೊದಲೇ ತಿಳಿಸಿದ ನಾಲ್ಕು ದಿನದ ರಜೆಗೆ ಕ್ಷಮೆ ಕೇಳುವ ಅಗತ್ಯವಿಲ್ಲ. ಕೇಳಿದರೆ ನೀವೇನೋ ತಪ್ಪು ಮಾಡುತ್ತಿರುವಂತೆ ಕಾಣುತ್ತದೆ. ಆದರೆ ನೀವು ಹೇಳಿದ ದಿನಾಂಕ ತಪ್ಪಿದಾಗ, ಈಗಾಗಲೇ ಹಣ ಕೊಟ್ಟು ಕಾಯುತ್ತಿರುವವರ ಮುಂದೆ, ಒಂದು ಸಲ ನೇರವಾಗಿ ಕೇಳಬೇಕು. "ಅನಾನುಕೂಲಕ್ಕೆ ವಿಷಾದಿಸುತ್ತೇವೆ" ಎನ್ನುವುದಕ್ಕಿಂತ "ಹೇಳಿದ ದಿನಕ್ಕೆ ತಲುಪಿಸಲಾಗಲಿಲ್ಲ, ಕ್ಷಮಿಸಿ" ಎಂಬುದು ಹೆಚ್ಚು ಮರ್ಯಾದೆಯ ಮಾತು.

ಹೇಳಿದ ದಿನಾಂಕ ತಪ್ಪುವ ಸಂದರ್ಭವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಅಲ್ಲಿ ಬರಹದ ರೀತಿಯೇ ಬದಲಾಗುತ್ತದೆ. ಜೂನ್ 17ರಂದು ಕೊರಿಯರ್‌ನವರು ತಮ್ಮ ವಿಂಗಡಣೆ ಕೇಂದ್ರದಲ್ಲಿ ಪಾರ್ಸೆಲ್‌ಗಳು ನಿಂತಿವೆ, ಯಾವಾಗ ಹೊರಡುತ್ತವೆ ಎಂದು ಹೇಳಲಾಗದು ಎಂದರು ಎಂದಿಟ್ಟುಕೊಳ್ಳಿ. ಈಗ ನಿಮ್ಮ ಕೈಯಲ್ಲಿ ತಲುಪುವ ದಿನಾಂಕವಿಲ್ಲ. ಇಂತಹ ಹೊತ್ತಿನಲ್ಲಿ ಎರಡು ತಪ್ಪು ದಾರಿಗಳು ಸುಲಭವಾಗಿ ತೆರೆದುಕೊಳ್ಳುತ್ತವೆ: ಒಂದು, ಊಹೆಯ ದಿನಾಂಕ ಕೊಟ್ಟುಬಿಡುವುದು, ಇನ್ನೊಂದು, ಸುದ್ದಿ ಖಚಿತವಾಗುವವರೆಗೆ ಸುಮ್ಮನಿರುವುದು. ಊಹೆ ಎರಡನೇ ಸಲ ತಪ್ಪಿದರೆ ಆಮೇಲೆ ನೀವು ಕೊಡುವ ಸರಿಯಾದ ದಿನಾಂಕವನ್ನೂ ಜನ ನಂಬುವುದಿಲ್ಲ. ಸುಮ್ಮನಿದ್ದರೆ ಆ ಮೌನವನ್ನು ಅವರವರೇ ತುಂಬಿಕೊಳ್ಳುತ್ತಾರೆ. ತಲುಪುವ ದಿನಾಂಕ ಗೊತ್ತಿಲ್ಲದಿದ್ದರೂ ನೀವು ಮತ್ತೆ ಯಾವಾಗ ತಿಳಿಸುತ್ತೀರಿ ಎಂಬ ದಿನಾಂಕ ನಿಮ್ಮ ಕೈಯಲ್ಲಿಯೇ ಇದೆ, ಅದನ್ನು ಕೊಡಿ:

> ಜೂನ್ 15 ಮತ್ತು 16ರಂದು ಕಳುಹಿಸಿದ ಪಾರ್ಸೆಲ್‌ಗಳು ಕೊರಿಯರ್‌ನ ವಿಂಗಡಣೆ ಕೇಂದ್ರದಲ್ಲಿ ನಿಂತಿವೆ. ಅವು ತಲುಪುವ ಹೊಸ ದಿನಾಂಕವನ್ನು ಕೊರಿಯರ್‌ನವರು ಇನ್ನೂ ತಿಳಿಸಿಲ್ಲ.
>
> ಜೂನ್ 10ರಂದು ಕಳುಹಿಸಿದ ಪಾರ್ಸೆಲ್‌ಗಳಿಗೆ ಇದರಿಂದ ತೊಂದರೆಯಿಲ್ಲ. ಇನ್ನೂ ಕಳುಹಿಸದ ಆರ್ಡರ್‌ಗಳನ್ನು ಸದ್ಯಕ್ಕೆ ಸರದಿಯಲ್ಲಿ ಪ್ಯಾಕ್ ಮಾಡಿ ಇಟ್ಟುಕೊಳ್ಳುತ್ತಿದ್ದೇವೆ.
>
> ಮುಂದಿನ ಮಾಹಿತಿಯನ್ನು ಜೂನ್ 19 ಶುಕ್ರವಾರ ಸಂಜೆ 5ಕ್ಕೆ ಇಲ್ಲಿಯೇ ತಿಳಿಸುತ್ತೇವೆ. ಅಲ್ಲಿಯವರೆಗೆ ಕಾಯಲು ಆಗದವರು ಆರ್ಡರ್ ಸಂಖ್ಯೆಯೊಂದಿಗೆ ನಮಗೆ ಬರೆಯಿರಿ. ಆರ್ಡರ್ ರದ್ದು ಮಾಡಿ ಹಣ ಹಿಂದಿರುಗಿಸುತ್ತೇವೆ. ಹೇಳಿದ ದಿನಕ್ಕೆ ತಲುಪಿಸಲಾಗುತ್ತಿಲ್ಲ, ಕ್ಷಮಿಸಿ. (ಜೂನ್ 17, 2026)

ಈ ಬರಹದ ನಡುವಿನ ಭಾಗವನ್ನು, ಅಂದರೆ ಯಾರಿಗೆ ತೊಂದರೆಯಿಲ್ಲ ಎಂಬುದನ್ನು, ಬಹಳಷ್ಟು ಮಂದಿ ಬರೆಯುವುದೇ ಇಲ್ಲ. ಅದಿಲ್ಲದಿದ್ದರೆ ಎಲ್ಲ ಗ್ರಾಹಕರೂ ತಮ್ಮ ಪಾರ್ಸೆಲ್‌ಗೇ ಏನೋ ಆಗಿದೆ ಎಂದುಕೊಳ್ಳುತ್ತಾರೆ. ಅರವತ್ತು ಜನರ ತೊಂದರೆ ಎಲ್ಲರ ತೊಂದರೆಯಂತೆ ಕಾಣುತ್ತದೆ. ಹಣ ಹಿಂದಿರುಗಿಸುವ ಮಾತನ್ನು ನೀವು ಅದಕ್ಕೆ ಸಿದ್ಧರಿದ್ದರೆ ಮಾತ್ರ ಬರೆಯಿರಿ. ಮತ್ತು ಶುಕ್ರವಾರ ಸಂಜೆ 5ಕ್ಕೆ ಹೊಸ ಸುದ್ದಿಯೇನೂ ಬಂದಿರದಿದ್ದರೂ "ಇನ್ನೂ ದಿನಾಂಕ ಸಿಕ್ಕಿಲ್ಲ, ಸೋಮವಾರ ಬೆಳಿಗ್ಗೆ 11ಕ್ಕೆ ಮತ್ತೆ ತಿಳಿಸುತ್ತೇವೆ" ಎಂದು ದಿನಾಂಕ ಸಮೇತ ಹಾಕಲೇಬೇಕು. ಆ ಹೊತ್ತನ್ನು ತಪ್ಪಿಸಿದರೆ ಮೊದಲಿನ ಕ್ಯಾಪ್ಶನ್‌ನಿಂದ ಗಳಿಸಿದ ಸಮಾಧಾನವೆಲ್ಲ ಹೋಗುತ್ತದೆ.

ಅಂದಾಜು ಬದಲಾದಾಗ ಹಳೆಯ ಕ್ಯಾಪ್ಶನ್ ಅನ್ನು ತಿದ್ದಬೇಕೋ ಹೊಸ ಪೋಸ್ಟ್ ಹಾಕಬೇಕೋ ಎಂಬ ಪ್ರಶ್ನೆ ಬರುತ್ತದೆ. ಎರಡನ್ನೂ ಮಾಡಿ. ತಿದ್ದಿದ ಕ್ಯಾಪ್ಶನ್ ಬಗ್ಗೆ ಅದನ್ನು ಈಗಾಗಲೇ ಓದಿದವರಿಗೆ ಯಾವ ಸೂಚನೆಯೂ ಹೋಗುವುದಿಲ್ಲ, ಆದ್ದರಿಂದ ಹೊಸ ಪೋಸ್ಟ್ ಬೇಕು. ಹಳೆಯದನ್ನು ಹಾಗೆಯೇ ಬಿಟ್ಟರೆ ತಡವಾಗಿ ಅದನ್ನು ಕಂಡವರು ಹಳೆಯ ದಿನಾಂಕವನ್ನೇ ನಂಬುತ್ತಾರೆ, ಆದ್ದರಿಂದ ತಿದ್ದುಪಡಿಯೂ ಬೇಕು. ತಿದ್ದುವಾಗ ಹಳೆಯ ದಿನಾಂಕವನ್ನು ಸದ್ದಿಲ್ಲದೆ ಅಳಿಸಿ ಹೊಸದನ್ನು ಇಡಬೇಡಿ. ಮೇಲ್ಗಡೆ "ಜೂನ್ 17ರ ಬದಲಾವಣೆ" ಎಂದು ಬರೆದು ಹೊಸ ಸಾಲು ಸೇರಿಸಿ. ಮೊದಲ ದಿನಾಂಕದ ಸ್ಕ್ರೀನ್‌ಶಾಟ್ ಇಟ್ಟುಕೊಂಡವರು ಇರುತ್ತಾರೆ, ಅವರಿಗೆ ನೀವು ಮುಚ್ಚಿಟ್ಟಿದ್ದೀರಿ ಎನ್ನಿಸಬಾರದು.

ಯಾವಾಗ ಹಾಕಬೇಕೆಂಬುದು ಗಡುವನ್ನು ಅವಲಂಬಿಸಿದೆ, ರಜೆಯ ಮೊದಲ ದಿನವನ್ನಲ್ಲ. ನಿಮ್ಮ ಗಡುವು ಜೂನ್ 9. ಮೊದಲ ಸೂಚನೆ ಅದಕ್ಕೆ ಐದಾರು ದಿನ ಮುಂಚೆ ಹೋಗಲಿ, ಎರಡನೆಯದು ಜೂನ್ 8ರಂದು, ಮೂರನೆಯದು ಬಾಗಿಲು ಮುಚ್ಚುವ 10ರ ಸಂಜೆ. ಮೂರನೆಯದರಲ್ಲಿ ಮುಗಿದುಹೋದ ಗಡುವಿನ ಸಾಲನ್ನು ತೆಗೆದುಬಿಡಿ. ಸ್ಟೋರಿ 24 ಗಂಟೆಯ ಮೇಲೆ ಕಾಣಿಸುವುದಿಲ್ಲವಾದ್ದರಿಂದ ಅದನ್ನು ನೆನಪೋಲೆಯಾಗಿ ಮಾತ್ರ ಬಳಸಿ. ಪೂರ್ಣ ವಿವರ ಪೋಸ್ಟ್‌ನಲ್ಲಿಯೇ ಇರಲಿ ಮತ್ತು ಆ ಪೋಸ್ಟ್ ಅನ್ನು ನಿಮ್ಮ ಪುಟದ ತುದಿಗೆ ಪಿನ್ ಮಾಡಿ. ಗೂಗಲ್ ಮ್ಯಾಪ್‌ನಲ್ಲಿ ಅಂಗಡಿಯಿದ್ದರೆ ಅಲ್ಲಿ ವಿಶೇಷ ದಿನಗಳ ಸಮಯವನ್ನು ಬೇರೆಯಾಗಿ ನಮೂದಿಸುವ ಸೌಲಭ್ಯವಿದೆ. ವಾರದ ಮಾಮೂಲಿ ಸಮಯವನ್ನು ಬದಲಿಸಬೇಡಿ, ಬದಲಿಸಿದರೆ ರಜೆ ಮುಗಿದ ಮೇಲೆ ಸರಿಪಡಿಸಲು ಮರೆಯುತ್ತೀರಿ. ವಾಟ್ಸ್‌ಆ್ಯಪ್ ಬಿಸಿನೆಸ್‌ನ ಸ್ವಯಂ ಉತ್ತರದಲ್ಲಿಯೂ ಇದೇ ದಿನಾಂಕಗಳಿರಲಿ. ಎಲ್ಲ ಕಡೆಗೂ ಒಂದೇ ಮೂಲ ಬರಹದಿಂದ ನಕಲು ಮಾಡಿ ಅಂಟಿಸಿ. ಒಂದೊಂದು ಕಡೆ ಹೊಸದಾಗಿ ಟೈಪ್ ಮಾಡಿದರೆ ಎಲ್ಲೋ ಒಂದು ಕಡೆ 15 ಎಂಬುದು 16 ಆಗಿರುತ್ತದೆ.

ಪ್ರಕಟಿಸುವ ಮುನ್ನ ನಿಮ್ಮ ವ್ಯವಹಾರದ ಒಳಗನ್ನು ಅರಿಯದ ಒಬ್ಬರಿಗೆ ಓದಲು ಕೊಟ್ಟು ಎರಡು ಪ್ರಶ್ನೆ ಕೇಳಿ: "ಭಾನುವಾರ ಬಂದರೆ ಅಂಗಡಿ ತೆರೆದಿರುತ್ತದೆಯೇ?", "9ರ ಸಂಜೆ 6ಕ್ಕೆ ಆರ್ಡರ್ ಮಾಡಿದರೆ ಯಾವಾಗ ಸಿಗುತ್ತದೆ?" ಅವರು ಮತ್ತೆ ಮೇಲಕ್ಕೆ ಹೋಗಿ ಹುಡುಕದೆ ಉತ್ತರಿಸಿದರೆ ಬರಹ ಸಿದ್ಧವಾಗಿದೆ. ಪ್ರಕಟಿಸಿದ ಮೇಲೆ ಬರುವ ಮೆಸೇಜುಗಳನ್ನು ಎರಡು ರಾಶಿ ಮಾಡಿ ನೋಡಿ. ಕ್ಯಾಪ್ಶನ್‌ನಲ್ಲಿ ಉತ್ತರ ಇದ್ದೂ ಜನ ಕೇಳುತ್ತಿದ್ದರೆ ಆ ಉತ್ತರ ತಪ್ಪು ಜಾಗದಲ್ಲಿದೆ, ಅದನ್ನು ಮೇಲಕ್ಕೆ ತನ್ನಿ. ಉತ್ತರವೇ ಇಲ್ಲದ ಪ್ರಶ್ನೆಯನ್ನು ಮೂರ್ನಾಲ್ಕು ಮಂದಿ ಕೇಳಿದರೆ ಅದಕ್ಕೊಂದು ಸಾಲು ಸೇರಿಸಿ. ಜೂನ್ 15ರ ಬೆಳಿಗ್ಗೆ ಪಿನ್ ಮಾಡಿದ ರಜೆಯ ಪೋಸ್ಟ್ ಕೆಳಗಿಳಿಸಿ, ಸ್ವಯಂ ಉತ್ತರವನ್ನು ಬದಲಿಸಿ, "ಅಂಗಡಿ ತೆರೆದಿದೆ, ಜೂನ್ 22ರವರೆಗಿನ ಹೊಸ ಆರ್ಡರ್‌ಗಳು ಹೊರಡಲು ನಾಲ್ಕು ದಿನದವರೆಗೆ ಬೇಕು" ಎಂಬ ಚಿಕ್ಕ ಸೂಚನೆಯನ್ನು ಅದರ ಜಾಗದಲ್ಲಿ ಇಡಿ.